ಕಾಫಿ ಡ್ರೈಯರ್‌ನ ಬಿಸಿಗಾಳಿಗೆ ಐಎಂಸಿ: ಒಂದು ಸ್ಟೆಪ್ ಟೆಸ್ಟಿನಿಂದ ಪಿಐಡಿ ಅಂಕಿಗಳವರೆಗೆ

ಕುಯ್ಲಿನ ಸಮಯದಲ್ಲಿ ಅಕಾಲಿಕ ಮಳೆ ಹಿಡಿದರೆ ಹಣ್ಣಿನ ಸಿಪ್ಪೆ ತೆಗೆದು ತೊಳೆದು ಕಣದಲ್ಲಿ ಹರಡಿದ ಕಾಫಿ ಬೀಜವನ್ನು, ಅಂದರೆ ಪಾರ್ಚ್‌ಮೆಂಟನ್ನು, ಒಣಗಿಸುವುದಕ್ಕೆ ಡ್ರೈಯರ್ ಬಿಟ್ಟರೆ ದಾರಿಯಿಲ್ಲ. ಕೊಡಗಿನ ತೋಟಗಳಲ್ಲಿ ಈಗ ಗ್ಯಾಸ್ ಬರ್ನರ್ ಇರುವ ಡ್ರೈಯರ್‌ಗಳೂ ಇವೆ, ಅವುಗಳ ಪ್ಯಾನೆಲ್‌ನಲ್ಲಿ ಗಾಳಿಯ ಬಿಸಿ ನೋಡಿ ಬರ್ನರನ್ನು ತಾನಾಗಿ ಏರಿಸಿ ಇಳಿಸುವ ಒಂದು ಪಿಐಡಿ ಕಂಟ್ರೋಲರ್ ಕೂತಿರುತ್ತದೆ. ಬಹಳ ಕಡೆ ಅದು ಮ್ಯಾನ್ಯುಯಲ್‌ನಲ್ಲೇ ಇರುತ್ತದೆ. ಆಟೋಗೆ ಹಾಕಿದರೆ ಗಾಳಿಯ ಬಿಸಿ 36ಕ್ಕೂ 50ಕ್ಕೂ ನಡುವೆ ಓಲಾಡುತ್ತದೆ ಎಂಬ ದೂರು. ಬೀಜದ ಬಿಸಿ 40 ಡಿಗ್ರಿ ದಾಟದಂತೆ ನೋಡಿಕೊಳ್ಳುವುದು ಪಾರ್ಚ್‌ಮೆಂಟಿಗೆ ವಾಡಿಕೆಯ ಮಿತಿ. ಹಸಿ ಬೀಜದಿಂದ ನೀರು ಆರುತ್ತಿರುವಾಗ ಬೀಜ ಗಾಳಿಗಿಂತ ತಣ್ಣಗಿರುವುದರಿಂದ ಗಾಳಿ ಸ್ವಲ್ಪ ಹೆಚ್ಚು ಬಿಸಿಯಿದ್ದರೂ ನಡೆಯುತ್ತದೆ. ಬೀಜ ಒಣಗುತ್ತ ಬಂದಂತೆ ಆ ರಕ್ಷಣೆ ಹೋಗುತ್ತದೆ, ಆಗ ಓಲಾಡುವ ಗಾಳಿ ನೇರವಾಗಿ ಬೀಜಕ್ಕೆ ತಟ್ಟುತ್ತದೆ.

ಓಲಾಟಕ್ಕೆ ಕಾರಣ ಸಾಮಾನ್ಯವಾಗಿ ಒಂದೇ. ಪ್ರೊಸೆಸ್‌ನಲ್ಲಿ ಡಿಲೇ ಇದೆ, ಕಂಟ್ರೋಲರ್‌ಗೆ ಅದು ಗೊತ್ತಿಲ್ಲ. ಡಿಲೇಯನ್ನು ಮುಂಚೆಯೇ ಲೆಕ್ಕಕ್ಕೆ ತೆಗೆದುಕೊಂಡು ಪಿಐಡಿ ಅಂಕಿಗಳನ್ನು ಹೊರಡಿಸುವ ಅಚ್ಚುಕಟ್ಟಾದ ವಿಧಾನ ಇಂಟರ್ನಲ್ ಮಾಡೆಲ್ ಕಂಟ್ರೋಲ್, ಅಂದರೆ ಐಎಂಸಿ. ಗಾರ್ಸಿಯ ಮತ್ತು ಮೊರಾರಿ 1982ರಲ್ಲಿ ಇದರ ಚೌಕಟ್ಟನ್ನು ಬರೆದರು. 1986ರಲ್ಲಿ ರಿವೆರಾ, ಮೊರಾರಿ, ಸ್ಕೋಗೆಸ್ಟಾಡ್ ಮೂವರೂ ಸೇರಿ ಅದನ್ನು ಮಾಮೂಲಿ ಪಿಐಡಿ ರೂಪಕ್ಕೆ ಇಳಿಸುವ ಸೂತ್ರಗಳನ್ನು ಕೊಟ್ಟರು. ಎಂಟು ಹತ್ತು ಸಾವಿರದ ಪ್ಯಾನೆಲ್ ಕಂಟ್ರೋಲರ್‌ನಲ್ಲೂ ನಾವು ಇದನ್ನು ಬಳಸಬಹುದು ಅಂದರೆ ಈ ಎರಡನೇ ಕೆಲಸದಿಂದಾಗಿ.

ಉದಾಹರಣೆಗೆ ಸುಂಟಿಕೊಪ್ಪದ ಕಡೆಯ ಒಂದು ತೋಟದ ಡ್ರೈಯರ್ ತೆಗೆದುಕೊಳ್ಳುತ್ತೇನೆ. ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ದುಂಡಗೆ ಮಾಡಿದ್ದೇನೆ.

## ಯಾವ ಬಿಸಿಯನ್ನು ಹಿಡಿಯಬೇಕು

ಬರ್ನರ್‌ಗೆ ಶೇ. 0ರಿಂದ 100ರವರೆಗೆ ತೆರೆಯುವ ಮೋಟಾರು ವಾಲ್ವ್ ಇದೆ. ಬರ್ನರ್‌ನ ಶಾಖ ಹೀಟ್ ಎಕ್ಸ್‌ಚೇಂಜರ್ ಮೂಲಕ ಗಾಳಿಗೆ ಹೋಗುತ್ತದೆ. ಬ್ಲೋವರ್ ಆ ಗಾಳಿಯನ್ನು ಉದ್ದನೆಯ ತಗಡಿನ ಡಕ್ಟ್‌ನಲ್ಲಿ ತಳ್ಳಿ, ಡ್ರಮ್ಮಿನ ಮುಂದಿರುವ ಗಾಳಿ ಪೆಟ್ಟಿಗೆಗೆ ತುಂಬಿಸುತ್ತದೆ. ಸೆನ್ಸರ್ ಇರುವುದು ಆ ಪೆಟ್ಟಿಗೆಯಲ್ಲಿ.

ನಾವು ಕಂಟ್ರೋಲ್ ಮಾಡುವುದು ಈ ಗಾಳಿಯ ಬಿಸಿಯನ್ನು, ಬೀಜದ ಬಿಸಿಯನ್ನಲ್ಲ. ಬೀಜದ ಬಿಸಿ ತುಂಬ ನಿಧಾನ, ಅಲ್ಲದೆ ಬೀಜದಲ್ಲಿ ಎಷ್ಟು ನೀರಿದೆ ಎನ್ನುವುದರ ಮೇಲೆ ಅದರ ನಡವಳಿಕೆಯೇ ಬದಲಾಗುತ್ತದೆ. ಬೆಳಗ್ಗೆ ಮಾಡಿದ ಟೆಸ್ಟ್ ಸಂಜೆಗೆ ಸುಳ್ಳಾಗುತ್ತದೆ. ಗಾಳಿ ಪೆಟ್ಟಿಗೆ ಡ್ರಮ್ಮಿಗಿಂತ ಮುಂಚೆ ಇರುವುದರಿಂದ ಒಳಗೆ ಏನು ತುಂಬಿದ್ದಾರೆ ಎಂಬುದು ಅದಕ್ಕೆ ಹೆಚ್ಚು ತಟ್ಟುವುದಿಲ್ಲ.

ಇಂಥ ಪ್ರೊಸೆಸ್‌ಗೆ ಮೂರೇ ಅಂಕಿಗಳಿರುವ ಮಾಡೆಲ್ ಸಾಕು:

```
G(s) = K·e^(-θs) / (τs + 1)
```

`K` ಎಂದರೆ ಗೇನ್: ವಾಲ್ವ್ ಶೇ. 1 ತೆರೆದರೆ ಕೊನೆಗೆ ಎಷ್ಟು ಡಿಗ್ರಿ ಏರುತ್ತದೆ. `τ` ಟೈಮ್ ಕಾನ್‌ಸ್ಟೆಂಟ್: ಏರಲು ಶುರುವಾದ ಮೇಲೆ ಎಷ್ಟು ನಿಧಾನ. `θ` ಡಿಲೇ: ವಾಲ್ವ್ ಅಲುಗಿದ ಮೇಲೆ ಸೆನ್ಸರ್‌ನಲ್ಲಿ ಏನೂ ಕಾಣದೆ ಕಳೆಯುವ ಹೊತ್ತು. ಡಕ್ಟ್‌ನಲ್ಲಿ ಗಾಳಿ ಬರುವ ಸಮಯ ಡಿಲೇಯ ಒಂದು ಪಾಲು ಮಾತ್ರ. ಬರ್ನರ್‌ನ ಲೋಹ ಬಿಸಿಯಾಗುವುದು, ಸೆನ್ಸರ್‌ನ ದಪ್ಪ ಕವಚ, ಕಂಟ್ರೋಲರ್‌ನ ಇನ್‌ಪುಟ್ ಫಿಲ್ಟರ್, ಇಂಥ ಚಿಕ್ಕ ಚಿಕ್ಕ ನಿಧಾನಗಳೆಲ್ಲ ಸೇರಿ ಹೊರಗಿನಿಂದ ಡಿಲೇಯಂತೆಯೇ ಕಾಣುತ್ತವೆ. ಆದ್ದರಿಂದ ಡಕ್ಟ್ ಉದ್ದವನ್ನು ಗಾಳಿಯ ವೇಗದಿಂದ ಭಾಗಿಸಿ `θ` ಲೆಕ್ಕ ಹಾಕಲು ಹೋಗಬೇಡಿ. ಯಾವಾಗಲೂ ಕಡಿಮೆ ಬರುತ್ತದೆ.

## ಸ್ಟೆಪ್ ಟೆಸ್ಟ್

ಕಂಟ್ರೋಲರನ್ನು ಮ್ಯಾನ್ಯುಯಲ್‌ಗೆ ಹಾಕಿ. ಬ್ಲೋವರ್ ಮಾಮೂಲಿ ಓಡುವ ಹಾಗೆಯೇ ಓಡಲಿ. ವಾಲ್ವನ್ನು ಶೇ. 30ಕ್ಕೆ ಇಟ್ಟು ಬಿಸಿ ಪೂರ್ತಿ ನಿಲ್ಲುವವರೆಗೆ ಕಾಯಿರಿ. ಕನಿಷ್ಠ ಇಪ್ಪತ್ತು ನಿಮಿಷ ಗೆರೆ ನೆಟ್ಟಗಿರಬೇಕು. ಬೆಳಗಿನ ಮಂಜು ಬಿಡುವ ಹೊತ್ತಿನಲ್ಲಿ ಈ ಟೆಸ್ಟ್ ಬೇಡ. ಹೊರಗಿನ ಗಾಳಿಯೇ ಗಂಟೆಗೆ ಹಲವು ಡಿಗ್ರಿ ಏರುತ್ತಿರುತ್ತದೆ, ನೀವು ಅಳೆಯುವ ಗೇನ್‌ನಲ್ಲಿ ಬಿಸಿಲಿನ ಪಾಲೂ ಸೇರಿಕೊಳ್ಳುತ್ತದೆ. ಮಧ್ಯಾಹ್ನ ಹನ್ನೆರಡರ ಮೇಲೆ ಅಥವಾ ರಾತ್ರಿ ಒಂಬತ್ತರ ಮೇಲೆ ಒಳ್ಳೆಯದು.

ಬಿಸಿ 36 ಡಿಗ್ರಿಯಲ್ಲಿ ನಿಂತಿತು ಅಂದುಕೊಳ್ಳಿ. ಈಗ ವಾಲ್ವನ್ನು ಒಂದೇ ಏಟಿಗೆ ಶೇ. 40ಕ್ಕೆ ಏರಿಸಿ, ಅದೇ ಕ್ಷಣ ಗಡಿಯಾರ ಶುರು ಮಾಡಿ. ಐದು ಸೆಕೆಂಡಿಗೊಮ್ಮೆ ಬಿಸಿ ಬರೆದುಕೊಳ್ಳಿ, ಅಥವಾ ಕಂಟ್ರೋಲರ್‌ನ ಡಿಸ್‌ಪ್ಲೇಯನ್ನು ಮೊಬೈಲ್‌ನಲ್ಲಿ ವಿಡಿಯೋ ತೆಗೆಯಿರಿ. ನನಗೆ ಎರಡನೆಯದೇ ಇಷ್ಟ, ಆಮೇಲೆ ಕೂತು ನಿಧಾನವಾಗಿ ಓದಬಹುದು. ಬಿಸಿ ಕೊನೆಗೆ 44ಕ್ಕೆ ಬಂದು ನಿಂತಿತು.

ಗೇನ್ ಸಿಕ್ಕಿತು: 8 ಡಿಗ್ರಿ ಭಾಗಿಸು ಶೇ. 10, ಅಂದರೆ `K = 0.8`.

ಉಳಿದ ಎರಡಕ್ಕೆ ಎರಡು ಬಿಂದು ಸಾಕು. ಒಟ್ಟು ಏರಿಕೆಯ ಶೇ. 28.3 ಮುಗಿದ ಸಮಯ ಮತ್ತು ಶೇ. 63.2 ಮುಗಿದ ಸಮಯ. 8 ಡಿಗ್ರಿಯಲ್ಲಿ ಶೇ. 28.3 ಅಂದರೆ 2.3 ಡಿಗ್ರಿ, ಅಂದರೆ ಬಿಸಿ 38.3 ದಾಟಿದ ಕ್ಷಣ: 140 ಸೆಕೆಂಡ್. ಶೇ. 63.2 ಅಂದರೆ 5.1 ಡಿಗ್ರಿ, 41.1 ದಾಟಿದ ಕ್ಷಣ: 300 ಸೆಕೆಂಡ್.

```
τ = 1.5 × (300 − 140) = 240 s
θ = 300 − 240 = 60 s
```

28.3, 63.2 ಎಂಬ ಎರಡು ಅಂಕಿಗಳು ಆಕಾಶದಿಂದ ಬಿದ್ದವಲ್ಲ. ನಮ್ಮ ಮಾಡೆಲ್‌ನಲ್ಲಿ `θ + τ/3` ಸಮಯಕ್ಕೆ ಶೇ. 28.3, `θ + τ` ಸಮಯಕ್ಕೆ ಶೇ. 63.2 ಮುಗಿದಿರುತ್ತದೆ. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ `τ`ದ ಮೂರನೇ ಎರಡು ಪಾಲು ಉಳಿಯುತ್ತದೆ, ಅದಕ್ಕೇ 1.5ರಿಂದ ಗುಣಿಸುವುದು. ಗ್ರಾಫ್ ಮೇಲೆ ಸ್ಕೇಲ್ ಇಟ್ಟು ಸ್ಪರ್ಶರೇಖೆ ಎಳೆಯುವ ಹಳೆಯ ವಿಧಾನವೂ ಇದೆ, ಆದರೆ ಹತ್ತು ಜನ ಎಳೆದರೆ ಹತ್ತು ಡಿಲೇ ಬರುತ್ತವೆ.

ಮುಗಿದ ಮೇಲೆ ವಾಲ್ವನ್ನು ವಾಪಸ್ ಶೇ. 30ಕ್ಕೆ ಇಳಿಸಿ ಇಳಿಯುವ ದಾರಿಯನ್ನೂ ಅಳೆಯಿರಿ. ಏರುವಾಗಿನ ಅಂಕಿಗೂ ಇಳಿಯುವಾಗಿನ ಅಂಕಿಗೂ ಶೇ. 20ರ ಒಳಗೆ ವ್ಯತ್ಯಾಸವಿದ್ದರೆ ಸರಾಸರಿ ಹಿಡಿಯಿರಿ. ಡಿಲೇ ಮಾತ್ರ ಸರಾಸರಿ ಬೇಡ, ಎರಡರಲ್ಲಿ ದೊಡ್ಡದನ್ನೇ ಇಟ್ಟುಕೊಳ್ಳಿ.

## ಐಎಂಸಿ ಏನು ಮಾಡುತ್ತದೆ

ಮಾಮೂಲಿ ಫೀಡ್‌ಬ್ಯಾಕ್‌ನಲ್ಲಿ ನಮಗೆ ಬೇಕಾದ ಬಿಸಿ, ಅಂದರೆ ಸೆಟ್‌ಪಾಯಿಂಟಿನಿಂದ ಅಳೆದ ಬಿಸಿಯನ್ನು ಕಳೆದು ಆ ದೋಷವನ್ನು ಕಂಟ್ರೋಲರ್‌ಗೆ ಕೊಡುತ್ತೇವೆ. ಐಎಂಸಿಯಲ್ಲಿ ಕಂಟ್ರೋಲರ್‌ನ ಪಕ್ಕದಲ್ಲೇ ಮಾಡೆಲ್ ಕೂಡ ಓಡುತ್ತಿರುತ್ತದೆ. ವಾಲ್ವಿಗೆ ಹೋಗುವ ಅದೇ ಸಿಗ್ನಲ್ ಮಾಡೆಲ್‌ಗೂ ಹೋಗುತ್ತದೆ. ನಿಜವಾದ ಬಿಸಿಯಿಂದ ಮಾಡೆಲ್ ಹೇಳಿದ ಬಿಸಿಯನ್ನು ಕಳೆದಾಗ ಉಳಿಯುವುದು ಮಾಡೆಲ್‌ಗೆ ಗೊತ್ತಿಲ್ಲದ ಸಂಗತಿ ಮಾತ್ರ: ಹೊರಗಿನ ಚಳಿ, ಗ್ಯಾಸ್ ಒತ್ತಡದ ಏರಿಳಿತ, ನಮ್ಮ ಅಳತೆಯ ತಪ್ಪು. ಅದನ್ನಷ್ಟೇ ಸೆಟ್‌ಪಾಯಿಂಟಿನಿಂದ ಕಳೆದು `Q` ಎಂಬ ಬ್ಲಾಕಿಗೆ ಕೊಡುತ್ತೇವೆ, `Q` ವಾಲ್ವನ್ನು ನಡೆಸುತ್ತದೆ.

ಮಾಡೆಲ್ ಪೂರ್ತಿ ಸರಿಯಿದ್ದು ಹೊರಗಿನ ತೊಂದರೆ ಏನೂ ಇಲ್ಲದಿದ್ದರೆ ವಾಪಸ್ ಬರುವುದು ಸೊನ್ನೆ. ಆಗ ಔಟ್‌ಪುಟ್ ಬರೀ `G·Q` ಆಗುತ್ತದೆ, ಓಲಾಡುವ ಪ್ರಶ್ನೆಯೇ ಇಲ್ಲ. ಹಾಗಾದರೆ `Q` ಯಾವುದಿರಬೇಕು? ಆಸೆಗೆ ಮಿತಿಯಿಲ್ಲದಿದ್ದರೆ `1/G` ಇಡುತ್ತಿದ್ದೆವು, ಬಿಸಿ ಸೆಟ್‌ಪಾಯಿಂಟಿಗೆ ಆ ಕ್ಷಣವೇ ಹೋಗಿ ಕೂರುತ್ತಿತ್ತು. ಆದರೆ `1/G` ಮಾಡಿ ಡಿಲೇಯನ್ನೂ ತಲೆಕೆಳಗಾಗಿ ತಿರುಗಿಸುವುದೆಂದರೆ ಇನ್ನೊಂದು ನಿಮಿಷದ ನಂತರದ ಸೆಟ್‌ಪಾಯಿಂಟನ್ನು ಈಗಲೇ ತಿಳಿಯುವುದು. ಅದು ಆಗದ ಕೆಲಸ. ಆದ್ದರಿಂದ ಮಾಡೆಲನ್ನು ಎರಡಾಗಿ ಸೀಳಿ, ತಿರುಗಿಸಬಹುದಾದ `K/(τs+1)` ಭಾಗವನ್ನಷ್ಟೇ ತಿರುಗಿಸುತ್ತೇವೆ. ಹಾಗೆ ತಿರುಗಿಸಿದಾಗ ಮೇಲೆ ಉಳಿಯುವ `τs + 1`ರಲ್ಲಿ ಶುದ್ಧ ಡೆರಿವೇಟಿವ್ ಇದೆ, ಸೆನ್ಸರ್‌ನ ಸಣ್ಣ ನಡುಕಕ್ಕೂ ವಾಲ್ವ್ ಕುಣಿಯುತ್ತದೆ. ಅದನ್ನು ಅಡಗಿಸಲು `λ` ಟೈಮ್ ಕಾನ್‌ಸ್ಟೆಂಟಿನ ಒಂದು ಫಿಲ್ಟರ್ ಸೇರಿಸುತ್ತೇವೆ:

```
Q(s) = (τs + 1) / ( K·(λs + 1) )
```

ಈಗ ಗಾಳಿಯ ಬಿಸಿ ಸೆಟ್‌ಪಾಯಿಂಟನ್ನು ಹಿಂಬಾಲಿಸುವ ರೀತಿ `e^(-θs)/(λs+1)`. ಡಿಲೇ ಹಾಗೇ ಉಳಿಯಿತು, ಅದನ್ನು ಯಾರಿಂದಲೂ ತೆಗೆಯಲಾಗದು. ಅದರ ನಂತರ ಎಷ್ಟು ಬೇಗ ಹೋಗಬೇಕೆಂಬುದು ಪೂರ್ತಿ `λ` ಕೈಯಲ್ಲಿ. ಇಡೀ ಡಿಸೈನ್‌ನಲ್ಲಿ ನಾವು ತಿರುಗಿಸುವ ಗುಂಡಿ ಇದೊಂದೇ.

## ಪಿಐಡಿಗೆ ಇಳಿಸುವುದು

ಪ್ಯಾನೆಲ್ ಕಂಟ್ರೋಲರ್‌ನಲ್ಲಿ ಮಾಡೆಲ್ ಓಡಿಸುವ ಜಾಗವಿಲ್ಲ. ಆದರೆ `Q` ಮತ್ತು ಮಾಡೆಲ್ ಎರಡನ್ನೂ ಒಂದೇ ಪೆಟ್ಟಿಗೆಯೊಳಗೆ ಹಾಕಿದರೆ ಹೊರಗಿನಿಂದ ಅದು ಮಾಮೂಲಿ ಫೀಡ್‌ಬ್ಯಾಕ್ ಕಂಟ್ರೋಲರೇ:

```
C = Q / (1 − G·Q) = (τs + 1) / ( K·(λs + 1 − e^(-θs)) )
```

ಕೆಳಗಿನ `e^(-θs)` ಒಂದು ತೊಡಕು. ಅದನ್ನು ಹೇಗೆ ಅಂದಾಜು ಮಾಡುತ್ತೇವೆ ಎನ್ನುವುದರ ಮೇಲೆ ಡೆರಿವೇಟಿವ್ ಇಲ್ಲದ ಪಿಐ ಬರುತ್ತದೋ ಅದೂ ಸೇರಿದ ಪಿಐಡಿ ಬರುತ್ತದೋ ತೀರ್ಮಾನವಾಗುತ್ತದೆ.

ಸರಳ ದಾರಿ `e^(-θs) ≈ 1 − θs` ಎಂದು ಹಿಡಿಯುವುದು. ಆಗ ಆವರಣದಲ್ಲಿ ಉಳಿಯುವುದು `(λ + θ)s` ಮಾತ್ರ, `C` ನೇರವಾಗಿ ಪಿಐ ಆಗುತ್ತದೆ, ಅದರಲ್ಲಿ `Kc` ಕಂಟ್ರೋಲರ್‌ನ ಗೇನ್, `Ti` ಇಂಟಿಗ್ರಲ್ ಸಮಯ:

```
Kc = τ / ( K·(λ + θ) )
Ti = τ
```

ಇನ್ನೂ ಹತ್ತಿರದ ಅಂದಾಜು ಪ್ಯಾಡೆಯದು: `e^(-θs) ≈ (1 − θs/2)/(1 + θs/2)`. ಇಲ್ಲಿ ತಿರುಗಿಸಲಾಗದ ಭಾಗ ಮೇಲಿನ `1 − θs/2` ಮಾತ್ರ. ಕೆಳಗಿನ `1 + θs/2` ಅನ್ನು `τs + 1` ಜತೆ ಸೇರಿಸಿ ತಿರುಗಿಸಿದರೆ

```
C = (τs + 1)(1 + θs/2) / ( K·(λ + θ/2)·s )

Kc = (τ + θ/2) / ( K·(λ + θ/2) )
Ti = τ + θ/2
Td = τ·θ / (2τ + θ)
```

ಸಿಗುತ್ತದೆ. `Td` ಅಂದರೆ ಡೆರಿವೇಟಿವ್ ಸಮಯ. ಪುಸ್ತಕಗಳಲ್ಲಿ `λ + θ/2` ಬದಲು `λ + θ` ಇರುವ ಇನ್ನೊಂದು ಪಿಐಡಿ ಸೂತ್ರವೂ ಕಾಣುತ್ತದೆ. ಅದು ಪ್ಯಾಡೆಯ ಇಡೀ ಭಿನ್ನರಾಶಿಯನ್ನು ತಿರುಗಿಸದೆ ಬಿಟ್ಟಾಗ ಬರುವಂಥದ್ದು. ಅದರ ಜತೆ `λθ / (2(λ+θ))` ಟೈಮ್ ಕಾನ್‌ಸ್ಟೆಂಟಿನ ಫಿಲ್ಟರ್ ಕೂಡ ಬರುತ್ತದೆ. ಎರಡೂ ಸರಿ, ಒಂದರ ಗೇನನ್ನು ಇನ್ನೊಂದರ ಫಿಲ್ಟರ್ ಜತೆ ಬೆರೆಸಬಾರದು ಅಷ್ಟೇ.

ನಮ್ಮ ಡ್ರೈಯರ್‌ಗೆ ಮೊದಲ ಪ್ರಯತ್ನವಾಗಿ `λ = θ = 60` ಇಡೋಣ. ಪಿಐ: `Kc = 240/(0.8×120) = 2.5`, `Ti = 240` ಸೆಕೆಂಡ್. ಪಿಐಡಿ: `Kc = 270/(0.8×90) = 3.75`, `Ti = 270`, `Td = 26.7` ಸೆಕೆಂಡ್.

ಎರಡರಲ್ಲಿ ಯಾವುದು? ಡಿಲೇ ಟೈಮ್ ಕಾನ್‌ಸ್ಟೆಂಟಿನ ಕಾಲು ಭಾಗವಿರುವ ಇಂಥ ಕಡೆ ನಾನು ಪಿಐನಿಂದಲೇ ಶುರು ಮಾಡುತ್ತೇನೆ. ಬಿಸಿಗಾಳಿಯ ಸಿಗ್ನಲ್ ಸದಾ ಸ್ವಲ್ಪ ನಡುಗುತ್ತಿರುತ್ತದೆ, ಡೆರಿವೇಟಿವ್ ಆ ನಡುಕವನ್ನು ಹಿಗ್ಗಿಸಿ ವಾಲ್ವಿನ ಮೋಟಾರನ್ನು ಇಡೀ ರಾತ್ರಿ ಅಲ್ಲಾಡಿಸುತ್ತದೆ. ಇಲ್ಲಿಂದ ಮುಂದೆ ಪಿಐ ಹಿಡಿದೇ ಹೋಗುತ್ತೇನೆ.

## ಲ್ಯಾಂಬ್ಡಾ ಆರಿಸುವುದು

ಇದೇ ಇಡೀ ಕೆಲಸದ ತಿರುಳು. `λ` ಅನ್ನು ಬಹಳ ಜನ ವೇಗದ ಗುಂಡಿ ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಅದು ಅಪನಂಬಿಕೆಯ ಗುಂಡಿ. ನಿಮ್ಮ ಮಾಡೆಲ್ ನಾಳೆಯೂ ನಿಜವಾಗಿರುತ್ತದೆ ಎಂಬ ಬಗ್ಗೆ ಎಷ್ಟು ಅನುಮಾನವಿದೆಯೋ ಅಷ್ಟು ದೊಡ್ಡ `λ` ಬೇಕು.

ಪಿಐ ರೂಪದಲ್ಲಿ ಇದನ್ನು ಕಾಗದದ ಮೇಲೆಯೇ ನೋಡಬಹುದು. `Ti = τ` ಆದದ್ದರಿಂದ ಕಂಟ್ರೋಲರ್‌ನ ಮೇಲಿನ `τs + 1`, ಪ್ರೊಸೆಸ್‌ನ ಕೆಳಗಿನ `τs + 1` ಜತೆ ಕಡಿದುಹೋಗುತ್ತದೆ. ಲೂಪ್‌ನಲ್ಲಿ ಉಳಿಯುವುದು ಇಷ್ಟೇ:

```
L(s) = e^(-θs) / ( (λ + θ)·s )
```

ಒಂದು ಇಂಟಿಗ್ರೇಟರ್, ಒಂದು ಡಿಲೇ. ಇದರ ಗುಣವನ್ನೆಲ್ಲ `θ/(λ+θ)` ಎಂಬ ಒಂದು ಅನುಪಾತವೇ ಹೇಳುತ್ತದೆ. ಅದು 1.57 ದಾಟಿದರೆ, ಅಂದರೆ π/2 ದಾಟಿದರೆ, ಓಲಾಟ ಬೆಳೆಯುತ್ತಲೇ ಹೋಗುತ್ತದೆ. ಅದು 0.37ಕ್ಕಿಂತ ಕಡಿಮೆಯಿದ್ದರೆ ಸೆಟ್‌ಪಾಯಿಂಟ್ ಬದಲಿಸಿದಾಗ ಬಿಸಿ ಗುರಿಯನ್ನು ದಾಟುವುದೇ ಇಲ್ಲ. 0.37 ಅಂದರೆ 1/e. `λ` ಲೆಕ್ಕದಲ್ಲಿ ಹೇಳಿದರೆ `λ` ಡಿಲೇಯ 1.72 ಪಟ್ಟು ಅಥವಾ ಹೆಚ್ಚು.

`λ = 60` ಇಟ್ಟಾಗ ಅನುಪಾತ 0.5. ಬಿಸಿ ಗುರಿಗಿಂತ ಸುಮಾರು ಶೇ. 4 ಮೇಲೆ ಹೋಗಿ ಇಳಿಯುತ್ತದೆ, 6 ಡಿಗ್ರಿ ಏರಿಸಿದರೆ ಕಾಲು ಡಿಗ್ರಿಯಷ್ಟು. ಗೇನ್ 3.14 ಪಟ್ಟಾಗುವವರೆಗೆ ಲೂಪ್ ಕೆಡುವುದಿಲ್ಲ, ಡಿಲೇಯೊಂದೇ ಬೆಳೆದರೆ 188 ಸೆಕೆಂಡ್‌ವರೆಗೆ ತಡೆದುಕೊಳ್ಳುತ್ತದೆ. ಬೇರೆ ಎಲ್ಲಾದರೂ ಆಗಿದ್ದರೆ ಇಷ್ಟಕ್ಕೆ ನಿಲ್ಲಿಸುತ್ತಿದ್ದೆ. ಆದರೆ ಇಂಥ ಮೆಷಿನ್‌ಗಳ ಬಗ್ಗೆ ನಿಜ ಗೊತ್ತಿರುವುದು ರಾತ್ರಿ ಪಾಳಿಯ ಮೇಸ್ತ್ರಿಗೆ.

"ಬ್ಲೋವರ್ ಯಾವಾಗಲೂ ಹೀಗೇ ಓಡುತ್ತಾ ಅಣ್ಣ?" ಅಂತ ಕೇಳಿದರೆ, "ಇಲ್ಲ ಸರ್, ರಾತ್ರಿ ಡ್ರಮ್ಮಲ್ಲಿ ಕಾಫಿ ಕಮ್ಮಿ ಇದ್ರೆ ಡ್ಯಾಂಪರ್ ಅರ್ಧ ಮುಚ್ಚಿಬಿಡ್ತೀವಿ. ಗ್ಯಾಸ್ ಉಳಿಯುತ್ತಲ್ಲ," ಅಂದರು.

ಈ ಒಂದು ಮಾತು ಡಿಸೈನನ್ನೇ ಬದಲಿಸುತ್ತದೆ. ಗಾಳಿ ಅರ್ಧಕ್ಕಿಳಿದರೆ ಅದೇ ಬೆಂಕಿ ಅರ್ಧದಷ್ಟು ಗಾಳಿಯನ್ನು ಬಿಸಿ ಮಾಡುತ್ತದೆ, ಗೇನ್ ಹತ್ತಿರಹತ್ತಿರ ಎರಡು ಪಟ್ಟಾಗುತ್ತದೆ. ಗಾಳಿ ನಿಧಾನವಾಗಿ ಬರುವುದರಿಂದ ಡಿಲೇಯೂ ಬೆಳೆಯುತ್ತದೆ. ಕೆಟ್ಟದ್ದನ್ನೇ ಊಹಿಸಿ, ಗೇನ್ ಎರಡು ಪಟ್ಟು, ಡಿಲೇಯೂ ಎರಡು ಪಟ್ಟು, ಟೈಮ್ ಕಾನ್‌ಸ್ಟೆಂಟ್ ಹಾಗೇ ಇದೆ ಎಂದು ಹಿಡಿಯೋಣ. ಅನುಪಾತದ ಮೇಲಿನ `θ` ಈಗ ನಿಜವಾದ ಡಿಲೇ, ಗೇನ್ ಎಷ್ಟು ಪಟ್ಟಾಯಿತೋ ಅಷ್ಟರಿಂದ ಅದನ್ನು ಗುಣಿಸಬೇಕು; ಕೆಳಗಿನ `λ + θ` ಕಂಟ್ರೋಲರ್‌ನಲ್ಲಿ ಆಗಲೇ ಕೂತದ್ದು, ಬದಲಾಗುವುದಿಲ್ಲ. ಆಗ ಅನುಪಾತ 2×120/120, ಅಂದರೆ 2. ಮಿತಿ 1.57. ಹಗಲು ಚೆನ್ನಾಗಿ ಓಡಿದ ಲೂಪ್ ರಾತ್ರಿ ಎರಡು ಗಂಟೆಗೆ ಹುಚ್ಚೆದ್ದು ಕುಣಿಯುತ್ತದೆ. ಒಂದೊಂದನ್ನೇ ಬದಲಿಸಿ ನೋಡಿದಾಗ ಧಾರಾಳವಾಗಿ ಕಂಡ ಅಂಚು, ಎರಡೂ ಒಟ್ಟಿಗೆ ಬದಲಾದಾಗ ಸಾಲದೆ ಹೋಯಿತು.

`λ = 120` ಮಾಡಿದರೆ ಅದೇ ಕೆಟ್ಟ ಸ್ಥಿತಿಯಲ್ಲಿ 2×120/180, ಅಂದರೆ 1.33. ಓಲಾಡುತ್ತದೆ, ಆದರೆ ತಣಿಯುತ್ತದೆ. ನಿಜವಾದ ಮೆಷಿನ್‌ನಲ್ಲಿ ಗಾಳಿ ಕಡಿಮೆಯಾದಾಗ ಟೈಮ್ ಕಾನ್‌ಸ್ಟೆಂಟೂ ಒಂದಿಷ್ಟು ಬೆಳೆಯುವುದರಿಂದ ಇಷ್ಟು ಕೆಡುವುದಿಲ್ಲ. ಮಾಮೂಲಿ ಸ್ಥಿತಿಯಲ್ಲಿ ಅನುಪಾತ 0.33, ಗುರಿ ದಾಟುವ ಮಾತೇ ಇಲ್ಲ. ಅದಕ್ಕೆ ತೆರುವ ಬೆಲೆ ಸಮಯ: ಬದಲಾವಣೆಯ ಶೇ. 95 ಮುಗಿಯಲು `λ = 60`ರಲ್ಲಿ ಸುಮಾರು 200 ಸೆಕೆಂಡ್ ಹಿಡಿದರೆ, `λ = 120`ರಲ್ಲಿ ಆರು ನಿಮಿಷದ ಮೇಲೆ. ಒಂದು ದಿನಕ್ಕಿಂತ ಹೆಚ್ಚು ಹೊತ್ತು ಒಣಗುವ ಪಾರ್ಚ್‌ಮೆಂಟಿಗೆ ಈ ಮೂರು ನಿಮಿಷ ಲೆಕ್ಕಕ್ಕೇ ಇಲ್ಲ. ನನ್ನ ಆಯ್ಕೆ:

```
λ = 120 s,  Kc = 240 / (0.8 × 180) = 1.67,  Ti = 240 s
```

ಪಿಐಡಿಯೇ ಬೇಕೆನ್ನುವವರಿಗೆ ಇದೇ `λ`ಗೆ `Kc = 2.25`, `Ti = 270`, `Td = 26.7`. ಪಿಐಡಿ ಸೂತ್ರದಲ್ಲಿ `λ` ಡಿಲೇಯ 0.8 ಪಟ್ಟಿಗಿಂತ ಕೆಳಗೆ ಹೋಗಬಾರದು ಎಂಬ ನಿಯಮವಿದೆ. ಅದು ಪ್ಯಾಡೆ ಅಂದಾಜು ನಂಬಿಕೆಗೆ ಅರ್ಹವಾಗಿ ಉಳಿಯುವ ಮಿತಿ ಮಾತ್ರ. ಡ್ಯಾಂಪರ್ ಬಗ್ಗೆ ಆ ನಿಯಮಕ್ಕೆ ಗೊತ್ತಿಲ್ಲ.

ಉಲ್ಟಾ ದಿಕ್ಕಿನ ತಪ್ಪೂ ಇದೆ, ಅದು ಅಪಾಯವಲ್ಲ. ಡಿಸೆಂಬರ್ ಬೆಳಗಿನ ಚಳಿಯಲ್ಲಿ ಸಿಲಿಂಡರ್‌ಗಳ ಹೊರಮೈ ಬೆವರಿ, ಕೆಳಗಿನರ್ಧ ಬೆಳ್ಳಗೆ ಹಿಮ ಕಟ್ಟುತ್ತದೆ. ಒಳಗಿನ ಗ್ಯಾಸ್ ಸಾಕಷ್ಟು ಆವಿಯಾಗುತ್ತಿಲ್ಲ ಎಂದರ್ಥ. ವಾಲ್ವ್ ಎಷ್ಟು ತೆರೆದರೂ ಬೆಂಕಿ ಏರುವುದಿಲ್ಲ, ಗೇನ್ ಬಿದ್ದಿರುತ್ತದೆ. ಲೂಪ್ ನಿಧಾನವಾಗುತ್ತದೆ ಅಷ್ಟೇ, ಓಲಾಡುವುದಿಲ್ಲ. ಇದಕ್ಕೆ `λ` ಇಳಿಸಿ ಪರಿಹಾರ ಹುಡುಕಿದರೆ ಮಧ್ಯಾಹ್ನ ಗ್ಯಾಸ್ ಒತ್ತಡ ಸರಿಯಾದಾಗ ಅನುಭವಿಸಬೇಕಾಗುತ್ತದೆ. ಇನ್ನೆರಡು ಸಿಲಿಂಡರ್ ಜೋಡಿಸುವುದೇ ದಾರಿ.

ಇದನ್ನೆಲ್ಲ ಮೆಷಿನ್ ಮುಟ್ಟುವ ಮುಂಚೆ ಲ್ಯಾಪ್‌ಟಾಪ್‌ನಲ್ಲೇ ನೋಡಬಹುದು. `kr` ಮತ್ತು `dr` ಅಂದರೆ ನಿಜವಾದ ಗೇನ್ ಹಾಗೂ ಡಿಲೇ ಮಾಡೆಲ್‌ನ ಎಷ್ಟು ಪಟ್ಟು ಎಂಬುದು. ಎರಡಕ್ಕೂ `2.0` ಹಾಕಿ, `lam` ಅನ್ನು `60` ಮತ್ತು `120` ಮಾಡಿ ಹೋಲಿಸಿ.

```python
K, tau, th = 0.8, 240.0, 60.0
lam, dt = 120.0, 1.0
kr, dr = 1.0, 1.0
Kc, Ti = tau/(K*(lam+th)), tau
buf = [0.0]*int(th*dr/dt)
y = I = 0.0
for k in range(1500):
    e = 6.0 - y
    I += Kc*e*dt/Ti
    u = Kc*e + I
    buf.append(u)
    y += dt*(kr*K*buf.pop(0) - y)/tau
    if k % 60 == 0:
        print(k, round(y, 2), round(u, 1))
```

ಇಲ್ಲಿ `y`, `u` ಎರಡೂ ಮೊದಲಿದ್ದ ಸ್ಥಿತಿಯಿಂದ ಆದ ಬದಲಾವಣೆಗಳು. 0 ಅಂದರೆ 36 ಡಿಗ್ರಿ ಮತ್ತು ಶೇ. 30 ವಾಲ್ವ್. ವಾಲ್ವಿನ ಮಿತಿಗಳನ್ನು ಈ ಕೋಡ್ ನೋಡುವುದಿಲ್ಲ.

## ಕಂಟ್ರೋಲರ್‌ಗೆ ಅಂಕಿ ತುಂಬುವಾಗ

ಲೆಕ್ಕ ಸರಿಯಿದ್ದೂ ಕೆಲಸ ಕೆಡುವುದು ಹೆಚ್ಚಾಗಿ ಈ ಹಂತದಲ್ಲಿ. ನಮ್ಮ `Kc`ಯ ಯೂನಿಟ್ ಡಿಗ್ರಿಗೆ ಶೇಕಡ. ಪ್ಯಾನೆಲ್ ಕಂಟ್ರೋಲರ್ ಬಹಳ ಸಲ ಗೇನ್ ಬದಲು ಪ್ರಪೋರ್ಷನಲ್ ಬ್ಯಾಂಡ್, ಅಂದರೆ ಔಟ್‌ಪುಟ್ ಶೇ. 0ರಿಂದ 100ಕ್ಕೆ ಹೋಗಲು ಬೇಕಾಗುವ ದೋಷ, ಕೇಳುತ್ತದೆ, ಅದೂ ಇನ್‌ಪುಟ್ ರೇಂಜಿನ ಶೇಕಡಾವಾರು. ರೇಂಜ್ 0ರಿಂದ 200 ಡಿಗ್ರಿ ಇದ್ದರೆ ಶೇ. 1 ಅಂದರೆ 2 ಡಿಗ್ರಿ. ಆಗ ಯೂನಿಟ್ ಇಲ್ಲದ ಗೇನ್ 1.67×2 = 3.33, ಬ್ಯಾಂಡ್ 100/3.33 = ಶೇ. 30. ಅದೇ ರೇಂಜ್ 0ರಿಂದ 100 ಇದ್ದರೆ ಬ್ಯಾಂಡ್ ಶೇ. 60. ಕೆಲವು ಕಂಟ್ರೋಲರ್‌ಗಳು ಬ್ಯಾಂಡನ್ನು ನೇರ ಡಿಗ್ರಿಯಲ್ಲಿ ಕೇಳುತ್ತವೆ, ಆಗ ಎರಡೂ ರೇಂಜಿಗೆ 60 ಡಿಗ್ರಿ. `Ti` ನಿಮಿಷದಲ್ಲಿ ಕೇಳುತ್ತದೋ ಸೆಕೆಂಡಿನಲ್ಲೋ ನೋಡಿಕೊಳ್ಳಿ: 240 ಸೆಕೆಂಡ್ ಅಂದರೆ 4 ನಿಮಿಷ.

ಪಿಐಡಿ ಹಾಕುವವರಿಗೆ ಇನ್ನೊಂದು ಮಾತು. ಮೇಲಿನ ಸೂತ್ರ ಆದರ್ಶ ರೂಪದ್ದು. ಹಳೆಯ ಕೆಲವು ಕಂಟ್ರೋಲರ್‌ಗಳು ಸೀರೀಸ್ ರೂಪದವು. ಅವಕ್ಕೆ `Ti = τ = 240`, `Td = θ/2 = 30`, `Kc = τ/(K(λ+θ/2)) = 2.0` ಹಾಕಬೇಕು. ಪಿಎಲ್‌ಸಿಯಲ್ಲಿ ಮೂರು ಗೇನ್ ಬೇರೆಬೇರೆ ಕೇಳುವ ಪ್ಯಾರಲಲ್ ರೂಪವಿದ್ದರೆ ಆದರ್ಶ ರೂಪದಿಂದ `Ki = Kc/Ti`, `Kd = Kc·Td` ಮಾಡಿಕೊಳ್ಳಿ.

ಆ್ಯಂಟಿ ವೈಂಡಪ್ ಆನ್ ಇರಲಿ. ಹಿಮ ಕಟ್ಟಿದ ಸಿಲಿಂಡರ್‌ನ ಬೆಳಗಿನಲ್ಲಿ ವಾಲ್ವ್ ಶೇ. 100ಕ್ಕೆ ಹೋಗಿ ನಿಂತಿದ್ದಾಗ ಇಂಟಿಗ್ರಲ್ ಸುಮ್ಮನೆ ತುಂಬಿಕೊಳ್ಳುತ್ತ ಹೋದರೆ, ಗ್ಯಾಸ್ ಸರಿಯಾದ ಮೇಲೂ ಬಹಳ ಹೊತ್ತು ವಾಲ್ವ್ ಇಳಿಯುವುದಿಲ್ಲ. ಕರೆಂಟ್ ಹೋಗಿ ಜನರೇಟರ್ ಹತ್ತುವ ನಡುವೆ ಬ್ಲೋವರ್ ನಿಂತಾಗಲೂ ಇದೇ ಕಥೆ, ಆಗ ಬರ್ನರ್ ಆರಿ ಕಂಟ್ರೋಲರ್ ತಾನಾಗಿ ಮ್ಯಾನ್ಯುಯಲ್‌ಗೆ ಬರುವಂತೆ ಇಂಟರ್‌ಲಾಕ್ ಇರಬೇಕು.

## ಓಡಿಸಿ ನೋಡುವುದು

ಆಟೋಗೆ ಹಾಕಿ, ನಿಂತ ಮೇಲೆ ಸೆಟ್‌ಪಾಯಿಂಟನ್ನು 2 ಡಿಗ್ರಿ ಏರಿಸಿ. ಮೊದಲ ಕ್ಷಣವೇ ವಾಲ್ವ್ ಶೇ. 3.3ರಷ್ಟು ಜಿಗಿಯಬೇಕು, ಏಕೆಂದರೆ 1.67×2. ಕೊನೆಗೆ ಅದು ಶೇ. 2.5 ಹೆಚ್ಚಿನ ಜಾಗದಲ್ಲಿ ನಿಲ್ಲಬೇಕು, 2/0.8. ಜಿಗಿತ ತಪ್ಪಿದ್ದರೆ ಬ್ಯಾಂಡಿನ ಯೂನಿಟ್ ತಪ್ಪಿದೆ. ಜಿಗಿತ ಸರಿಯಿದ್ದು ಕೊನೆಯ ಜಾಗ ತಪ್ಪಿದ್ದರೆ ನೀವು ಅಳೆದ `K` ತಪ್ಪಿದೆ. ಕೆಲವು ಕಂಟ್ರೋಲರ್‌ಗಳಲ್ಲಿ ಸೆಟ್‌ಪಾಯಿಂಟ್ ಬದಲಾವಣೆಗೆ ಪ್ರಪೋರ್ಷನಲ್ ಜಿಗಿಯದಂತೆ ಮಾಡಿರುತ್ತಾರೆ, ಅಂಥದ್ದರಲ್ಲಿ ಮೊದಲ ಪರೀಕ್ಷೆ ನಡೆಯುವುದಿಲ್ಲ.

ಓಲಾಟ ಕಂಡರೆ ಅದರ ಅವಧಿ ಅಳೆಯಿರಿ, ರೋಗ ಅದರಲ್ಲೇ ಗೊತ್ತಾಗುತ್ತದೆ. ಈ ಪಿಐ ಲೂಪ್ ಅಂಚಿಗೆ ಬಂದಾಗ ಅದರ ಓಲಾಟದ ಅವಧಿ ಡಿಲೇಯ ನಾಲ್ಕು ಪಟ್ಟು. ನಮ್ಮಲ್ಲಿ 4 ನಿಮಿಷದ ಸುಮಾರಿಗೆ ಓಲಾಡುತ್ತಿದ್ದರೆ ಡಿಲೇ ಸರಿಯಿದೆ, ಗೇನ್ ಹೆಚ್ಚಾಗಿದೆ. 8 ನಿಮಿಷ ಬಂದರೆ ನಿಜವಾದ ಡಿಲೇಯೇ 2 ನಿಮಿಷದ ಹತ್ತಿರ ಇದೆ, ಡ್ಯಾಂಪರ್ ಹೋಗಿ ನೋಡಿ, ಬ್ಲೋವರ್ ಬೆಲ್ಟ್ ಜಾರುತ್ತಿದೆಯೇ ನೋಡಿ. ಇವೆರಡೂ ಅಲ್ಲದೆ ಕಂಟ್ರೋಲರ್ ಔಟ್‌ಪುಟ್ ಗರಗಸದ ಹಲ್ಲಿನಂತೆ ಏರಿಳಿಯುತ್ತ, ಬಿಸಿ ಒಂದು ಮಟ್ಟದಿಂದ ಇನ್ನೊಂದಕ್ಕೆ ಹಾರುತ್ತಿದ್ದರೆ ಅದು ವಾಲ್ವ್ ಅಂಟಿಕೊಳ್ಳುವ ಸಮಸ್ಯೆ. ಅದಕ್ಕೆ `λ` ಮದ್ದಲ್ಲ. ಗೇನ್ ಇಳಿಸಿದರೆ ಓಲಾಟದ ಅವಧಿ ಉದ್ದವಾಗುತ್ತದೆ, ಓಲಾಟ ನಿಲ್ಲುವುದಿಲ್ಲ. ವಾಲ್ವಿನ ಕೀಲು ಬಿಚ್ಚಿ ಸ್ವಚ್ಛ ಮಾಡಬೇಕು.

## ಟೈಮ್ ಕಾನ್‌ಸ್ಟೆಂಟ್ ತುಂಬ ದೊಡ್ಡದಿದ್ದರೆ

ಗಾಳಿಯ ಲೂಪ್ ಗಟ್ಟಿಯಾದ ಮೇಲೆ ಕೆಲವರು ಡ್ರಮ್ಮಿನೊಳಗಿನ ಬೀಜದ ಬಿಸಿಗೂ ಇದೇ ಸೂತ್ರ ಹಾಕಲು ಹೋಗುತ್ತಾರೆ. ಅಲ್ಲಿ `θ` 2 ನಿಮಿಷ, `τ` 40 ನಿಮಿಷ ಬಂತು ಅಂದುಕೊಳ್ಳಿ. ಸೂತ್ರ `Ti = 40` ನಿಮಿಷ ಅನ್ನುತ್ತದೆ. ಸೆಟ್‌ಪಾಯಿಂಟ್ ಬದಲಿಸಿದರೆ ಸೊಗಸಾಗಿ ಹಿಂಬಾಲಿಸುತ್ತದೆ. ಆದರೆ ಬರ್ನರ್ ಕಡೆಯಿಂದ ತೊಂದರೆ ಬಂದಾಗ, ಉದಾಹರಣೆಗೆ ಗ್ಯಾಸ್ ಒತ್ತಡ ಕುಸಿದಾಗ, ಬಿಸಿ ಸೆಟ್‌ಪಾಯಿಂಟಿಗೆ ವಾಪಸಾಗಲು ಗಂಟೆಗಟ್ಟಲೆ ಎಳೆಯುತ್ತದೆ. ಮೇಲೆ ನಾವು ಕಡಿದುಹಾಕಿದ `τs + 1` ಸೆಟ್‌ಪಾಯಿಂಟಿನ ದಾರಿಯಲ್ಲಿ ಮಾಯವಾಗುತ್ತದೆಯೇ ಹೊರತು, ತೊಂದರೆ ಬರುವ ದಾರಿಯಲ್ಲಿ ಹಾಗೇ ಉಳಿದಿರುತ್ತದೆ. ಆ 40 ನಿಮಿಷದ ಬಾಲ ಅದರದ್ದೇ.

ಇದಕ್ಕೆ ಸ್ಕೋಗೆಸ್ಟಾಡ್ 2003ರಲ್ಲಿ ಸಣ್ಣ ತಿದ್ದುಪಡಿ ಕೊಟ್ಟರು:

```
Ti = min( τ, 4·(λ + θ) )
```

`λ = θ` ಇಟ್ಟರೆ 4×(2+2), ಅಂದರೆ 16 ನಿಮಿಷ. `Kc` ಹಾಗೇ ಇರಲಿ. ಸೆಟ್‌ಪಾಯಿಂಟ್ ಬದಲಿಸಿದಾಗ ಗುರಿಯನ್ನು ದಾಟುವುದು ಸ್ವಲ್ಪ ಹೆಚ್ಚುತ್ತದೆ, ಅದನ್ನು ಸೆಟ್‌ಪಾಯಿಂಟ್ ರ‍್ಯಾಂಪ್ ಹಾಕಿ ತಡೆಯಬಹುದು. ನಮ್ಮ ಗಾಳಿ ಲೂಪ್‌ನಲ್ಲಿ 4×180 ಅಂದರೆ 720 ಸೆಕೆಂಡ್, `τ` ಬರೀ 240. ಚಿಕ್ಕದು `τ`ವೇ ಆದ್ದರಿಂದ ಅಲ್ಲಿ ಏನೂ ಬದಲಾಗುವುದಿಲ್ಲ.